ಹರಳೆಣ್ಣೆಯಲ್ಲಿ ಸೈಕಲ್ ಗುಂಡು: ಸ್ನಿಗ್ಧತೆ ಹತ್ತಿರಹತ್ತಿರ ಎರಡರಷ್ಟು ಬರ್ತಿದೆ

ಪಿಯು ವಿದ್ಯಾರ್ಥಿನಿ: ಸರ್, 100 ಮಿ.ಲೀ. ಅಳತೆ ಜಾಡಿ (ಒಳವ್ಯಾಸ 28 ಮಿ.ಮೀ.), 6.35 ಮಿ.ಮೀ. ಉಕ್ಕಿನ ಸೈಕಲ್ ಗುಂಡು. 25 ಡಿಗ್ರಿಯಲ್ಲಿ 10 ಸೆಂ.ಮೀ. ಇಳಿಯೋಕೆ 0.8 ಸೆಕೆಂಡ್. ಸ್ಟೋಕ್ಸ್ ಸೂತ್ರದಲ್ಲಿ 1.2 ಬಂತು, ಪುಸ್ತಕದಲ್ಲಿ 0.65 ಪ್ಯಾಸ್ಕಲ್-ಸೆಕೆಂಡ್ ಇದೆ. ಬಿಸಿನೀರಲ್ಲಿಟ್ಟು 40 ಡಿಗ್ರಿಗೆ ಮಾಡಿದ್ದೂ ಜಾಸ್ತಿನೇ ಬಂತು. ಎಣ್ಣೆ ಕಲಬೆರಕೆನಾ?

ಬಿ.ಎಸ್ಸಿ. ಓದುವವ: ಗುಂಡು ಇನ್ನೂ ವೇಗ ಹೆಚ್ಚಿಸಿಕೊಳ್ತಾ ಇರುತ್ತೆ. ಮೇಲಿನ ಅರ್ಧ ಜಾಡಿ ಬಿಟ್ಟು ಅಳೀರಿ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ: ಮೇಲೆ ಸ್ವಲ್ಪ ಬಿಡಬೇಕು, ಅದು ಸರಿ. ಆದರೆ ಇಷ್ಟು ಮಂದ ಎಣ್ಣೆಯಲ್ಲಿ ಗುಂಡು ಒಂದು ಸೆಂಟಿಮೀಟರ್ ಒಳಗೇ ಸ್ಥಿರ ವೇಗಕ್ಕೆ ಬಂದುಬಿಡುತ್ತೆ. ಅರ್ಧ ಜಾಡಿ ಯಾಕೆ?

ಎಣ್ಣೆಯದೇನೂ ತಪ್ಪಿಲ್ಲಮ್ಮ, ಜಾಡಿ ಇಕ್ಕಟ್ಟಾಯ್ತು. ಸ್ಟೋಕ್ಸ್ ಲೆಕ್ಕ ಗೋಡೆಯೇ ಇಲ್ಲದ ಎಣ್ಣೆಗೆ. ಗುಂಡು ಇಳಿಯುವಾಗ ಎಣ್ಣೆ ಪಕ್ಕದಿಂದ ಮೇಲೇರಬೇಕು, ಗೋಡೆ ಹತ್ತಿರವಿದ್ದರೆ ಅದು ತಡೆಯುತ್ತೆ, ಗುಂಡು ನಿಧಾನವಾಗುತ್ತೆ. ಬಂದ ಉತ್ತರವನ್ನು ಇದರಿಂದ ಗುಣಿಸು, `d` ಗುಂಡಿನ ವ್ಯಾಸ, `D` ಜಾಡಿಯದು:

`1 − 2.104(d/D) + 2.09(d/D)³`

ನಿನ್ನ ಗುಂಡಿಗೆ ಇದು 0.55. 1.2 ಅನ್ನು ಗುಣಿಸಿದರೆ 0.66! ಆದರೂ ಇಷ್ಟಕ್ಕೇ ಖುಷಿಪಡಬೇಡ. 0.8 ಸೆಕೆಂಡನ್ನು ಬೆರಳಲ್ಲಿ ಒತ್ತಿ ಅಳೆದಿದ್ದೀಯ, ಬೆರಳು 0.1 ತಡವಾದರೂ ಉತ್ತರ ಎಂಟರಲ್ಲೊಂದು ಪಾಲು ಹೋಯ್ತು. ಸೈಕಲ್ ಅಂಗಡಿಯಲ್ಲಿ ಫ್ರೀವೀಲ್‌ನ 3.18 ಮಿ.ಮೀ. ಗುಂಡು ಕೇಳು. ಅದು ಇದೇ ಜಾಡಿಯಲ್ಲಿ ಸುಮಾರು 2.3 ಸೆಕೆಂಡ್ ತಗೊಳ್ಳುತ್ತೆ. ಮೊದಲು ಅದೇ ಎಣ್ಣೆಯಲ್ಲಿ ಅದ್ದಿ, ಮೈಗೆ ಗುಳ್ಳೆ ಅಂಟದ ಹಾಗೆ ನಡುವಿನಲ್ಲಿ ಬಿಡು. ತೆಗೆಯೋಕೆ ಹೊರಗಿಂದ ಅಯಸ್ಕಾಂತ ಸಾಕು.

ಇನ್ನು 40 ಡಿಗ್ರಿ. ಥರ್ಮಾಮೀಟರ್ ಎಲ್ಲಿತ್ತು?

ಪಿಯು ವಿದ್ಯಾರ್ಥಿನಿ: ಹೊರಗಿನ ನೀರಲ್ಲಿ ಸರ್. ಐದು ನಿಮಿಷ ಇಟ್ಟಿದ್ದೆ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ: ಅಲ್ಲೇ ಸಿಕ್ಕಿಬಿದ್ದೆ. ನೀರು 40 ಇದ್ದರೂ ನಡುವಿನ ಎಣ್ಣೆ ಅಷ್ಟಾಗಿರಲ್ಲ. ಹರಳೆಣ್ಣೆ ಡಿಗ್ರಿಗೆ ಸುಮಾರು ಶೇಕಡಾ 7ರಷ್ಟು ತೆಳುವಾಗುತ್ತೆ, 40ಕ್ಕೆ 0.23ರ ಆಸುಪಾಸು ಬರಬೇಕು. ಎರಡು ಡಿಗ್ರಿ ತಪ್ಪಿದರೆ ಶೇಕಡಾ 14ರಷ್ಟು ತಪ್ಪು. ಥರ್ಮಾಮೀಟರ್ ಎಣ್ಣೆಯೊಳಗೇ ಇರಲಿ, ಮೆಲ್ಲಗೆ ಕಲಕು, ಮೇಲೆ ಕೆಳಗೆ ಒಂದೇ ತೋರಿಸಿದ ಮೇಲೆ ಅದನ್ನು ತೆಗೆದು ಗುಂಡು ಬಿಡು. ಆ ಬಿಸಿಯಲ್ಲಿ ಸಣ್ಣ ಗುಂಡೂ ಸೆಕೆಂಡೊಳಗೆ ಇಳಿಯುತ್ತೆ. ಮೊಬೈಲ್ ಸ್ಲೋಮೋಷನ್ ಇಟ್ಟುಕೋ.

ಶಿರಸಿ ಕಡೆಯ ಜೇನು ಸಾಕಣೆದಾರ: ನಮ್ಮ ತುಡುವೆ ಜೇನಿಗೂ ಇದನ್ನೇ ಮಾಡಿ, ಸಕ್ಕರೆ ಪಾಕ ಸೇರಿಸಿದ್ದನ್ನ ಹಿಡಿಬಹುದಾ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ: ಇಲ್ಲ ಮಾರಾಯ್ರೆ. ಪಾಕವನ್ನು ಕಾಯಿಸಿ ಜೇನಿನಷ್ಟೇ ಮಂದ ಮಾಡಬಹುದು. ನೀರಂಶ ಶೇಕಡಾ ಒಂದೆರಡು ಏರಿದರೂ ಗುಂಡು ಬೇಗ ಇಳಿಯುತ್ತೆ, ಮಳೆಗಾಲದ ಅಸಲಿ ಜೇನೂ ಹಾಗೆ ಕಾಣುತ್ತೆ. ನಿಮ್ಮದೇ ಎರಡು ಬ್ಯಾಚುಗಳಲ್ಲಿ ಯಾವುದು ನೀರು ಅಂತ ನೋಡೋಕಾದರೆ ಬಳಸಿ. ಎರಡೂ ಒಂದೇ ಬಿಸಿಯಲ್ಲಿರಬೇಕು, ಗುಂಡು 6.35ರದ್ದೇ ಇರಲಿ, ಸಣ್ಣದಾದರೆ ಕಾದು ಸಾಕಾಗುತ್ತೆ.

ಜೇನು ಸಾಕಣೆದಾರ: ತಳದಲ್ಲಿ ಹರಳುಗಟ್ಟಿದೆಯಲ್ಲ, ಅದಕ್ಕೆ?

ಬಿ.ಎಸ್ಸಿ. ಓದುವವ: ಬಿಸಿನೀರಲ್ಲಿಟ್ಟು ಕರಗಿಸಿ.

ಜೇನು ಸಾಕಣೆದಾರ: ಬಿಸಿ ಮಾಡಿದ್ರೆ ಗಿರಾಕಿ ತಗೊಳ್ಳಲ್ಲ ಮಾರಾಯ.