ವೇದಿಕೆಯ ಬಿಲ್ಲು ಬೇರೆ, ಗೇಟ್‌ವೇ ಕಡಿತ ಬೇರೆ: ಮೇಲಿನ ಪ್ಲಾನ್‌ಗೆ ಹೋಗಬೇಕೆ?

ಪ್ರಶ್ನೆ

ನನ್ನ ಆನ್‌ಲೈನ್ ಅಂಗಡಿಯಲ್ಲಿ ಕಳೆದ ತಿಂಗಳು 4,00,000 ಮಾರಾಟವಾಯಿತು. ಪೇಮೆಂಟ್ ಗೇಟ್‌ವೇಯವರು 7,750 ಹಿಡಿದುಕೊಂಡು ಉಳಿದದ್ದನ್ನು ಬ್ಯಾಂಕ್ ಖಾತೆಗೆ ಹಾಕಿದರು. ಆಮೇಲೆ ಅಂಗಡಿ ನಡೆಯುವ ವೇದಿಕೆಯಿಂದ ಇನ್ನೊಂದು ಬಿಲ್ಲು ಬಂತು. ಅದರಲ್ಲಿ ಪ್ಲಾನ್ ಬಾಬ್ತು 2,000, ವಹಿವಾಟು ಶುಲ್ಕವೆಂದು 5,000. ಒಂದೇ ಮಾರಾಟಕ್ಕೆ ಎರಡು ಸಲ ಹಣ ಕಿತ್ತುಕೊಂಡಂತಾಗಲಿಲ್ಲವೇ? ತಿಂಗಳಿಗೆ 5,500ರ ಮೇಲಿನ ಪ್ಲಾನ್‌ನಲ್ಲಿ ಶುಲ್ಕ 2%ರ ಬದಲು 1% ಮಾತ್ರ. ನಾಲ್ಕು ಲಕ್ಷಕ್ಕೆ ಲೆಕ್ಕ ಹಾಕಿದರೆ 500 ಉಳಿಯುತ್ತದೆ. ಈಗಿನ ಪ್ಲಾನ್‌ನಲ್ಲಿ ನನ್ನ ಹೊರತು ಯಾರಿಗೂ ಖಾತೆ ಕೊಡುವಂತಿಲ್ಲ, ಮೇಲಿನದರಲ್ಲಿ ಐದು ಜನರಿಗೆ ಕೊಡಬಹುದು. ಬದಲಾಯಿಸಲೇ?

ಉತ್ತರ: ಆನ್‌ಲೈನ್ ಅಂಗಡಿಗಳ ಲೆಕ್ಕ ನೋಡುವವರು

ನಿಮ್ಮ ಬಿಲ್ಲಿನಲ್ಲೇ ಒಂದು ಸುಳಿವಿದೆ. ನಾಲ್ಕು ಲಕ್ಷಕ್ಕೆ 2% ಎಂದರೆ 8,000 ಆಗಬೇಕಿತ್ತು, ಆದರೆ ವೇದಿಕೆಯವರು ಹಾಕಿರುವುದು 5,000 ಮಾತ್ರ. 5,000 ಎಂಬುದು ಎರಡೂವರೆ ಲಕ್ಷದ 2%. ಹಾಗಾದರೆ ಉಳಿದ ಒಂದೂವರೆ ಲಕ್ಷದ ಆರ್ಡರ್‌ಗಳು ಗೇಟ್‌ವೇ ಮೂಲಕ ಬಂದೇ ಇಲ್ಲ. ಮಾಲು ಕೈಸೇರಿದ ಮೇಲೆ ನಗದು ಕೊಟ್ಟವರೋ, ನೇರವಾಗಿ ಬ್ಯಾಂಕಿಗೆ ಹಾಕಿದವರೋ ಇರಬೇಕು. ಅಂಥ ಆರ್ಡರ್‌ಗಳನ್ನು ಕೈಯಾರೆ ಪಾವತಿಯಾದವು ಎಂದು ಗುರುತಿಸಲಾಗುತ್ತದೆ. ಶಾಪಿಫೈನಂಥ ವೇದಿಕೆಗಳಲ್ಲಿ ಅವುಗಳ ಮೇಲೆ ವಹಿವಾಟು ಶುಲ್ಕವಿಲ್ಲ. ಆರ್ಡರ್ ಪಟ್ಟಿಯನ್ನು ಪಾವತಿ ವಿಧಾನದ ಪ್ರಕಾರ ಬೇರ್ಪಡಿಸಿ ನೋಡಿದರೆ ಈ ಮೊತ್ತ ಸಿಕ್ಕೇ ಸಿಗುತ್ತದೆ.

ಇನ್ನು ಎರಡು ಕಡಿತಗಳ ವಿಷಯ. ಗಿರಾಕಿಯ ಕಾರ್ಡಿನಿಂದಲೋ ಬ್ಯಾಂಕ್ ಖಾತೆಯಿಂದಲೋ ಹಣ ಎಳೆದು ನಿಮಗೆ ಮುಟ್ಟಿಸುವ ಕೆಲಸ ಗೇಟ್‌ವೇಯದು. ಅದರ ಕೂಲಿಯನ್ನು ಅದು ಬಿಲ್ಲು ಮಾಡಿ ಕೇಳುವುದಿಲ್ಲ. ಸೆಟಲ್‌ಮೆಂಟ್ ಹಾಕುವ ಮೊದಲೇ ಹಿಡಿದುಕೊಂಡಿರುತ್ತದೆ. ಅಂಗಡಿ ನಡೆಸಲು ಜಾಗ ಕೊಟ್ಟಿರುವ ವೇದಿಕೆ, ಅದರದೇ ಪಾವತಿ ಸೇವೆಯನ್ನು ಬಿಟ್ಟು ಹೊರಗಿನ ಗೇಟ್‌ವೇ ಬಳಸಿದ್ದಕ್ಕಾಗಿ ಪ್ರತಿ ಮಾರಾಟದ ಮೇಲೆ ಒಂದು ಪಾಲು ಕೇಳುತ್ತದೆ, ಅದನ್ನು ಪ್ಲಾನ್ ಬಾಬ್ತಿನೊಂದಿಗೆ ತನ್ನ ಬಿಲ್ಲಿನಲ್ಲಿ ಸೇರಿಸುತ್ತದೆ. ವೇದಿಕೆಯದೇ ಸೇವೆ ಬಳಸಿದ್ದರೆ ಈ ಪಾಲು ಇರುತ್ತಿರಲಿಲ್ಲ, ಆದರೆ ಆ ಸೇವೆ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಹೀಗಾಗಿ ನೀವು ಎರಡು ಸಲ ಕೊಟ್ಟಿರುವುದು ನಿಜವೇ, ಆದರೆ ಕೊಟ್ಟಿರುವುದು ಇಬ್ಬರು ಬೇರೆ ಬೇರೆ ಜನರಿಗೆ, ಬೇರೆ ಬೇರೆ ಕಾರಣಕ್ಕೆ.

ನಿಮ್ಮ 7,750 ಹೇಗೆ ಬಂತೆಂದು ಸೆಟಲ್‌ಮೆಂಟ್ ವರದಿಯಲ್ಲಿ ಒಂದು ಸಾಲನ್ನಾದರೂ ಬಿಡಿಸಿ ನೋಡಿ. ಎಷ್ಟು ಆರ್ಡರ್‌ಗಳಾಗಿವೆ?

ಪ್ರಶ್ನೆ ಕೇಳಿದವರು

ಗೇಟ್‌ವೇ ಮೂಲಕ ಬಂದ ಆರ್ಡರ್‌ಗಳು ಸರಿಯಾಗಿ ಐನೂರು. ದರ 2.5%, ಜೊತೆಗೆ ಪ್ರತಿ ವಹಿವಾಟಿಗೆ 3. ತೆರಿಗೆಯೂ ಅದರಲ್ಲೇ ಸೇರಿದೆ ಎಂದು ಒಪ್ಪಂದದಲ್ಲಿದೆ. ತಾವು ಹೇಳಿದಂತೆ ನಗದಿನದು ಒಂದೂವರೆ ಲಕ್ಷವೇ. ಅದಕ್ಕೆ ಶುಲ್ಕವಿಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ.

ಲೆಕ್ಕ ನೋಡುವವರು

ಹಾಗಿದ್ದರೆ ತಾಳೆಯಾಯಿತು. ಎರಡೂವರೆ ಲಕ್ಷದ 2.5% ಎಂದರೆ 6,250, ಐನೂರು ಆರ್ಡರಿಗೆ ಮೂರರಂತೆ 1,500, ಒಟ್ಟು 7,750. ನಿಮ್ಮ ಸರಾಸರಿ ಆರ್ಡರ್ 500ರದ್ದಾದ್ದರಿಂದ ಗೇಟ್‌ವೇಯ ನಿಜವಾದ ಭಾರ 2.5% ಅಲ್ಲ, 3.1%. ಆರ್ಡರ್ ಚಿಕ್ಕದಾದಷ್ಟೂ ಆ ಮೂರರ ಭಾರ ಹೆಚ್ಚುತ್ತದೆ. 100ರ ಆರ್ಡರಿಗೆ ಅದೊಂದೇ 3% ಆಗಿಬಿಡುತ್ತದೆ. ಪ್ಲಾನ್ ಬದಲಿಸಿದರೆ ಈ 7,750ರಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ, ಏಕೆಂದರೆ ಅದು ಗೇಟ್‌ವೇಯೊಂದಿಗಿನ ಒಪ್ಪಂದ.

ಬದಲಾಗುವುದು ವೇದಿಕೆಯ ಬಿಲ್ಲು ಮಾತ್ರ. ಈಗ ನೀವು ಕೊಡುವುದು 2,000 ಮತ್ತು 5,000, ಒಟ್ಟು 7,000. ಮೇಲಿನ ಪ್ಲಾನ್‌ನಲ್ಲಿ 5,500 ಮತ್ತು ಎರಡೂವರೆ ಲಕ್ಷದ 1% ಆದ 2,500 ಸೇರಿ 8,000. ಅಂದರೆ 500 ಉಳಿಯುವ ಬದಲು ತಿಂಗಳಿಗೆ 1,000 ಹೆಚ್ಚು ಹೋಗುತ್ತದೆ. ಎರಡು ಪ್ಲಾನ್‌ಗಳ ಬಾಬ್ತಿನ ವ್ಯತ್ಯಾಸ 3,500, ಶುಲ್ಕದ ವ್ಯತ್ಯಾಸ 1%. ಆದ್ದರಿಂದ ಗೇಟ್‌ವೇ ಮೂಲಕ ಬರುವ ಮಾರಾಟ 3,50,000 ಮುಟ್ಟಿದಾಗ ಮಾತ್ರ ಎರಡೂ ಸಮವಾಗುತ್ತವೆ. ಒಟ್ಟು ಮಾರಾಟ ಎಷ್ಟೇ ಇರಲಿ, ಈ ಲೆಕ್ಕಕ್ಕೆ ಅದು ಬರುವುದಿಲ್ಲ.

ಇನ್ನೊಬ್ಬ ಸದಸ್ಯರು

ಕ್ಷಮಿಸಿ, ಇದು ಪೂರ್ತಿ ಸರಿಯಲ್ಲ. ನಾನು ಪ್ಲಾನ್ ಏರಿಸಿದಾಗ ಕಾರ್ಡಿನ ದರವೂ ಇಳಿಯಿತು. ವೇದಿಕೆಯ ಬೆಲೆಪಟ್ಟಿಯಲ್ಲೇ ಪ್ರತಿ ಪ್ಲಾನ್‌ಗೂ ಬೇರೆ ಕಾರ್ಡ್ ದರ ಬರೆದಿರುತ್ತಾರಲ್ಲ?

ಲೆಕ್ಕ ನೋಡುವವರು

ನೀವು ವೇದಿಕೆಯದೇ ಪಾವತಿ ಸೇವೆ ಬಳಸುತ್ತಿರಬೇಕು. ಅದರಲ್ಲಿ ನಿಮ್ಮ ಮಾತು ನಿಜ, ಮೇಲಿನ ಪ್ಲಾನ್‌ಗೆ ಹೋದಂತೆ ಕಾರ್ಡ್ ದರ ಕಡಿಮೆಯಾಗುತ್ತದೆ. ಬೆಲೆಪಟ್ಟಿಯಲ್ಲಿ ಆ ದರಗಳ ಆಸುಪಾಸಿನಲ್ಲೇ ಇನ್ನೊಂದು ಸಾಲು ಇರುತ್ತದೆ, ಹೊರಗಿನ ಪಾವತಿ ಸೇವೆ ಬಳಸುವವರಿಗೆ ಎಂದು. ಶಾಪಿಫೈನಲ್ಲಿ ಅದು ಬೇಸಿಕ್‌ಗೆ 2%, ಅದರ ಮೇಲಿನದಕ್ಕೆ 1%, ಅಡ್ವಾನ್ಸ್ಡ್‌ಗೆ 0.6% ಎಂದಿದೆ. ಪ್ರಶ್ನೆ ಕೇಳಿದವರಿಗೆ ಅನ್ವಯಿಸುವುದು ಆ ಸಾಲು ಮಾತ್ರ. ಈ ಎರಡು ಸಾಲುಗಳನ್ನು ಒಂದೇ ಎಂದು ಓದಿಕೊಂಡು ಪ್ಲಾನ್ ಕೊಂಡವರನ್ನು ನಾನು ಬಹಳ ನೋಡಿದ್ದೇನೆ, ಬೆಲೆಪಟ್ಟಿ ಬರೆದವರ ಮೇಲೂ ಸ್ವಲ್ಪ ಸಿಟ್ಟಿದೆ ಎನ್ನಿ.

ಮತ್ತೊಬ್ಬ ಸದಸ್ಯರು

ನನ್ನಿಂದ 15% ಹಿಡಿಯುತ್ತಾರೆ! ನೀವು 2%ಕ್ಕೆ ಇಷ್ಟು ಚರ್ಚಿಸುತ್ತಿದ್ದೀರಿ. ಯಾವ ಪ್ಲಾನ್ ತೆಗೆದುಕೊಂಡರೆ ಅದು ಇಳಿಯುತ್ತದೆ, ಹೇಳಿ.

ಲೆಕ್ಕ ನೋಡುವವರು

ನಿಮ್ಮದು ಹಲವು ಮಾರಾಟಗಾರರು ಒಟ್ಟಿಗಿರುವ ಮಾರುಕಟ್ಟೆ ತಾಣ ಎಂದು ಕಾಣುತ್ತದೆ. ಅಲ್ಲಿ ಹಿಡಿಯುವುದು ಗಿರಾಕಿಯನ್ನು ಕರೆತಂದುಕೊಟ್ಟದ್ದರ ಕಮಿಷನ್, ಅದು ಸಾಮಾನ್ಯವಾಗಿ ಸರಕಿನ ವರ್ಗದ ಮೇಲೆ ನಿಂತಿರುತ್ತದೆ. ಇಲ್ಲಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಬೇರೆ ಪ್ರಶ್ನೆಯಾಗಿ ಹಾಕಿ, ವಿವರವಾಗಿ ನೋಡೋಣ.

ಪ್ರಶ್ನೆ ಕೇಳಿದವರು

ಹಾಗಾದರೆ ಶುಲ್ಕದ ಮಾತು ಬಿಡೋಣ. ಸಿಬ್ಬಂದಿ ಖಾತೆಗಳಿಗಾಗಿಯಾದರೂ ಬದಲಾಯಿಸಬೇಕೆ? ನನ್ನಲ್ಲಿ ಮಾಲು ಕಟ್ಟುವ ಇಬ್ಬರು, ತಿಂಗಳ ಕೊನೆಗೆ ಲೆಕ್ಕ ಬರೆಯಲು ಬರುವ ಒಬ್ಬರು ಇದ್ದಾರೆ. ಸದ್ಯಕ್ಕೆ ಎಲ್ಲರಿಗೂ ನನ್ನ ಪಾಸ್‌ವರ್ಡನ್ನೇ ಕೊಟ್ಟಿದ್ದೇನೆ.

ಲೆಕ್ಕ ನೋಡುವವರು

ಈಗ ಪ್ರಶ್ನೆ ಸರಿಯಾದ ಜಾಗಕ್ಕೆ ಬಂತು. ತಿಂಗಳಿಗೆ ಹೆಚ್ಚು ಹೋಗುವ ಆ 1,000 ಐದು ಸಿಬ್ಬಂದಿ ಖಾತೆಗಳ ಬೆಲೆ ಎಂದು ತಿಳಿಯಿರಿ. ಸಿಬ್ಬಂದಿ ಖಾತೆಗೆ ಮಾರಾಟದೊಂದಿಗೆ ಸಂಬಂಧವಿಲ್ಲ, ಹತ್ತು ಆರ್ಡರ್ ಬಂದರೂ ಹತ್ತು ಸಾವಿರ ಬಂದರೂ ಅದರ ಸಂಖ್ಯೆ ಪ್ಲಾನ್‌ನಲ್ಲಿ ಬರೆದಷ್ಟೇ.

ಒಂದೇ ಪಾಸ್‌ವರ್ಡಿನ ತೊಂದರೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಾನು ಲೆಕ್ಕ ನೋಡುತ್ತಿದ್ದ ಒಂದು ಅಂಗಡಿಯಲ್ಲಿ ಒಂದೇ ಆರ್ಡರಿಗೆ ಎರಡು ಸಲ ಭಾಗಶಃ ಮರುಪಾವತಿ ಹೋಗಿತ್ತು, ಒಮ್ಮೆ ಬೆಳಿಗ್ಗೆ, ಒಮ್ಮೆ ರಾತ್ರಿ. ಚಟುವಟಿಕೆ ದಾಖಲೆ ತೆರೆದರೆ ಎರಡೂ ಕಡೆ ಮಾಲೀಕರ ಹೆಸರೇ. ಮೂವರು ಕೆಲಸಗಾರರೂ ತಾವಲ್ಲವೆಂದರು, ಮಾಲೀಕರೂ ತಾವಲ್ಲವೆಂದರು. ಯಾರು ಮಾಡಿದರೆಂಬುದು ಇಂದಿಗೂ ತಿಳಿದಿಲ್ಲ. ಪ್ರತ್ಯೇಕ ಖಾತೆಗಳಿದ್ದಿದ್ದರೆ ಹೆಸರು ಅಲ್ಲೇ ಇರುತ್ತಿತ್ತು, ಮಾಲು ಕಟ್ಟುವವರಿಗೆ ಮರುಪಾವತಿಯ ಅನುಮತಿಯನ್ನೇ ಕೊಡದಿದ್ದರೆ ಆ ಗುಂಡಿಯೂ ಅವರಿಗೆ ಕಾಣುತ್ತಿರಲಿಲ್ಲ.

ಆದರೆ ನಿಮಗೆ ಮೂರೂ ಖಾತೆಗಳು ಬೇಕೇ ಎಂಬುದನ್ನು ಮೊದಲು ನೋಡಿ. ಲೆಕ್ಕ ಬರೆಯುವವರಿಗೆ ತಿಂಗಳ ಆರ್ಡರ್ ಪಟ್ಟಿಯನ್ನೂ ಸೆಟಲ್‌ಮೆಂಟ್ ವರದಿಯನ್ನೂ ಕಡತವಾಗಿ ಇಳಿಸಿ ಕಳುಹಿಸಿದರೆ ಸಾಕು, ಅವರಿಗೆ ಅಂಗಡಿಯೊಳಗೆ ಕಾಲಿಡುವ ಕೆಲಸವೇ ಇಲ್ಲ. ಮಾಲು ಕಟ್ಟುವವರು ವಿಳಾಸದ ಚೀಟಿ ಮುದ್ರಿಸುವುದಷ್ಟೇ ಆಗಿದ್ದರೆ, ಬೆಳಿಗ್ಗೆ ನೀವೇ ಮುದ್ರಿಸಿ ಕೊಡಬಹುದು. ಅವರು ದಾಸ್ತಾನು ತಿದ್ದುತ್ತಾರೆ, ಗಿರಾಕಿಗೆ ಉತ್ತರಿಸುತ್ತಾರೆ ಎಂದಾದರೆ ಆ 1,000 ದುಬಾರಿಯಲ್ಲ ಎಂದೇ ನನ್ನ ಅಭಿಪ್ರಾಯ.

ವೂಕಾಮರ್ಸ್ ಅಂಗಡಿಗಳನ್ನು ಕಟ್ಟಿಕೊಡುವವರು

ವೂಕಾಮರ್ಸ್‌ನಲ್ಲಿ ಈ ಎರಡು ತಲೆನೋವೂ ಇಲ್ಲ. ಮಾರಾಟದಲ್ಲಿ ಆ ತಂತ್ರಾಂಶಕ್ಕೆ ಪಾಲು ಕೊಡಬೇಕಿಲ್ಲ, ಬಳಕೆದಾರರ ಸಂಖ್ಯೆಗೂ ಮಿತಿಯಿಲ್ಲ. ಶಾಪ್ ಮ್ಯಾನೇಜರ್ ಎಂಬ ಪಾತ್ರವನ್ನು ಎಷ್ಟು ಜನರಿಗೆ ಬೇಕಾದರೂ ಕೊಡಬಹುದು. ಗೇಟ್‌ವೇ ಕಡಿತ ಮಾತ್ರ ಅಲ್ಲಿಯೂ ಇದ್ದೇ ಇರುತ್ತದೆ.

ಲೆಕ್ಕ ನೋಡುವವರು

ಒಪ್ಪುತ್ತೇನೆ, ಆದರೆ ಹೋಸ್ಟಿಂಗ್, ಬ್ಯಾಕಪ್, ಪ್ಲಗಿನ್‌ಗಳ ಅಪ್‌ಡೇಟ್ ಇವನ್ನೆಲ್ಲ ನೋಡಿಕೊಳ್ಳಲು ನಿಮ್ಮಂಥವರೊಬ್ಬರು ಬೇಕು, ನಿಮ್ಮ ಬಿಲ್ಲು ಈ 5,000ಕ್ಕಿಂತ ಕಡಿಮೆ ಇರುತ್ತದೆಯೇ ಎಂಬುದನ್ನು ನೀವೇ ಹೇಳಬೇಕು.

ವೂಕಾಮರ್ಸ್ ಅಂಗಡಿಗಳನ್ನು ಕಟ್ಟಿಕೊಡುವವರು

ಅದು ತಿಂಗಳಿಂದ ತಿಂಗಳಿಗೆ ಬೇರೆ, ಸರ್. ಏನೂ ಕೆಡದ ತಿಂಗಳಿನಲ್ಲಿ ಖಂಡಿತ ಕಡಿಮೆ.

ಪ್ರಶ್ನೆ ಕೇಳಿದವರು

ಇನ್ನೊಂದು ಸಂದೇಹ. ವರ್ಷದಲ್ಲಿ ಎರಡು ತಿಂಗಳು ನನ್ನ ಗೇಟ್‌ವೇ ಮಾರಾಟ ಐದು ಲಕ್ಷ ದಾಟುತ್ತದೆ. ಕಳೆದ ಸಲ ಅಂಥ ತಿಂಗಳಿನಲ್ಲಿ ವೇದಿಕೆಯಿಂದ ಎರಡು ಬಿಲ್ಲು ಬಂದಿತ್ತು, ತಪ್ಪಾಗಿದೆ ಎಂದು ದೂರನ್ನೂ ಕೊಟ್ಟಿದ್ದೆ. ಆ ಎರಡು ತಿಂಗಳಿಗೆ ಮಾತ್ರ ಮೇಲಿನ ಪ್ಲಾನ್‌ಗೆ ಹೋಗಿ ಮತ್ತೆ ಇಳಿಯಬಹುದೇ?

ಲೆಕ್ಕ ನೋಡುವವರು

ಎರಡು ಬಿಲ್ಲು ಬಂದದ್ದು ಬಹುಶಃ ತಪ್ಪಲ್ಲ. ವಹಿವಾಟು ಶುಲ್ಕ ಒಂದು ಮಿತಿಯನ್ನು ಮುಟ್ಟಿದೊಡನೆ, ತಿಂಗಳು ತುಂಬುವ ಮುಂಚೆಯೇ ಬಿಲ್ಲು ಮಾಡುವ ಪದ್ಧತಿ ಇದೆ. ಎರಡು ಬಿಲ್ಲುಗಳ ಆರ್ಡರ್ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಆರ್ಡರ್ ಎರಡರಲ್ಲೂ ಇದ್ದರೆ ಮಾತ್ರ ನಿಮ್ಮ ದೂರು ನಿಲ್ಲುತ್ತದೆ.

ಐದು ಲಕ್ಷಕ್ಕೆ ಲೆಕ್ಕ ಹಾಕಿದರೆ ಈಗಿನ ಪ್ಲಾನ್‌ನಲ್ಲಿ 12,000, ಮೇಲಿನದರಲ್ಲಿ 10,500. ಆ ತಿಂಗಳುಗಳಲ್ಲಿ 1,500 ಉಳಿಯುತ್ತದೆ, ಏರುವುದು ಲಾಭವೇ. ವಾರ್ಷಿಕವಾಗಿ ಒಟ್ಟಿಗೆ ಕಟ್ಟಿ ಪ್ಲಾನ್ ಬಾಬ್ತು ಅಗ್ಗವಾಗಿಸಿಕೊಂಡಿದ್ದರೆ ಹೀಗೆ ಏರಿ ಇಳಿಯುವುದು ಅಷ್ಟು ಸಲೀಸಲ್ಲ, ಆ ರಿಯಾಯಿತಿ ವಹಿವಾಟು ಶುಲ್ಕಕ್ಕೂ ತಗಲುವುದಿಲ್ಲ. ಇನ್ನೊಂದು ತೊಡಕೂ ಇದೆ: ಕೆಳಗಿನ ಪ್ಲಾನ್‌ಗೆ ಇಳಿಯುವಾಗ ಮಿತಿ ಮೀರಿದ ಸಿಬ್ಬಂದಿ ಖಾತೆಗಳನ್ನು ತೆಗೆಯಬೇಕಾಗುತ್ತದೆ. ಖಾತೆಗಳಿಗಾಗಿಯೇ ಏರುವವರಿಗೆ ಈ ಏರಿಳಿತ ಹೊಂದುವುದಿಲ್ಲ.

ಇನ್ನೊಬ್ಬ ಸದಸ್ಯರು

ನಾವು ನಾಲ್ಕು ಜನ ಮೂರು ವರ್ಷದಿಂದ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದೇವೆ, ಏನೂ ಆಗಿಲ್ಲ.

ಲೆಕ್ಕ ನೋಡುವವರು

ನಾಲ್ವರಲ್ಲಿ ಒಬ್ಬರು ಕೆಲಸ ಬಿಟ್ಟ ದಿನ ಪಾಸ್‌ವರ್ಡ್ ಬದಲಾಯಿಸಿದಿರೋ?

ಇನ್ನೊಬ್ಬ ಸದಸ್ಯರು

ಕಳೆದ ವರ್ಷ ಒಬ್ಬರು ಬಿಟ್ಟರು. ಬದಲಾಯಿಸಿಲ್ಲ. ಈಗಲೇ ಬದಲಾಯಿಸುತ್ತೇನೆ.