ನಾಲ್ಕು ತಿಂಗಳು ಉತ್ತರ ಬಾರದ ಭೂಪರಿವರ್ತನೆ ಅರ್ಜಿ: 95(5)ರ ದಾರಿಯಲ್ಲಿ ಹೋದವರ ಅನುಭವ ಬೇಕು (ಜುಲೈ 2017)

ಮೆಕ್ಕೆಜೋಳದವರು: ದಾವಣಗೆರೆ ಸೀಮೆಯಲ್ಲಿ ತಂದೆಯವರ ಹೆಸರಿನ ಸರ್ವೆ ನಂಬರಿನ ಒಂದು ಭಾಗದಲ್ಲಿ ಗೋದಾಮು ಕಟ್ಟಲು ಭೂಪರಿವರ್ತನೆಗೆ ಅರ್ಜಿ ಸಲ್ಲಿಸಿದ್ದೇವೆ. ಫೆಬ್ರವರಿ 10ರ ಸ್ವೀಕೃತಿ ಮುದ್ರೆ ಇದೆ, ಜೂನ್ ಕಳೆದರೂ ಆದೇಶವಿಲ್ಲ. ಭೂಕಂದಾಯ ಕಾಯ್ದೆಯ 95(5)ರಂತೆ ಅನುಮತಿ ಸಿಕ್ಕ ಹಾಗೆಯೇ ಎನ್ನುತ್ತಾರೆ. ಕೆಲಸ ಆರಂಭಿಸಬಹುದೇ? ಅನುಭವಸ್ಥರು ತಿಳಿಸಿ.

ಗಿರಣಿ ಮಾಲೀಕ: ನಾನು ಇದೇ ಕಲಮನ್ನು ನಂಬಿ ಅಕ್ಕಿ ಗಿರಣಿಗೆ ಪಾಯ ಹಾಕಿಸಿದವನು. ಅವಧಿ ಮುಗಿದ ಮಾರನೆಯ ವಾರವೇ ಜೆಸಿಬಿ ತರಿಸಿದೆ. ಕಾಲಂಗಳು ಪ್ಲಿಂತ್ ಮಟ್ಟಕ್ಕೆ ಬಂದ ಮೇಲೆ ಬ್ಯಾಂಕಿನವರು ಸಾಲದ ಮುಂದಿನ ಕಂತಿಗೆ ಪರಿವರ್ತನಾ ಆದೇಶದ ಪ್ರತಿ ಕೇಳಿದರು. ಕಾಯ್ದೆಯ ಪುಟವನ್ನು ಮುಂದಿಟ್ಟರೆ, ಅವರ ಪ್ಯಾನೆಲ್ ವಕೀಲರು ಪಹಣಿಯನ್ನು ತಿರುಗಿಸಿ ತೋರಿಸಿ, ಇಲ್ಲಿ ಇನ್ನೂ ಖುಷ್ಕಿ ಎಂದೇ ಇದೆಯಲ್ಲ ಎಂದರು. ಕಂತು ನಿಂತಿತು. ಶಟರಿಂಗ್ ಹಲಗೆಗಳ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಕಟ್ಟಿ ನಿಲ್ಲಿಸಿದ ಸರಳುಗಳು ಒಂದು ಮಳೆಗಾಲ ಬಯಲಲ್ಲೇ ನೆನೆದವು. ತುಕ್ಕು ಉಜ್ಜಿಸಲು ಕೊಟ್ಟ ಕೂಲಿ, ಮೇಸ್ತ್ರಿಗೆ ಕೊಟ್ಟು ಮರಳಿ ಬಾರದ ಮುಂಗಡ, ಬಿಡುಗಡೆಯಾದ ಮೊದಲ ಕಂತಿನ ಮೇಲಿನ ಬಡ್ಡಿ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅಷ್ಟರಲ್ಲಿ ಅನುಮತಿಯಿಲ್ಲದೆ ಕೃಷಿಯೇತರ ಬಳಕೆ ಎಂದು 96ನೇ ಕಲಮಿನಡಿ ನೋಟಿಸೂ ಬಂತು. ಉಚ್ಚ ನ್ಯಾಯಾಲಯದಲ್ಲಿ ರಿಟ್ ಹಾಕಿ, ಅನುಮತಿ ದೊರೆತಿದೆಯೆಂದು ಘೋಷಿಸುವಂತೆ ಕೋರಿದೆ. ನ್ಯಾಯಾಲಯ ಘೋಷಣೆ ಕೊಡಲಿಲ್ಲ. ನನ್ನ ಮನವಿಯನ್ನು ಇಂತಿಷ್ಟು ವಾರಗಳಲ್ಲಿ ತೀರ್ಮಾನಿಸಿ ಎಂದು ಜಿಲ್ಲಾಧಿಕಾರಿಗೆ ಸೂಚಿಸಿತು. ಅಂದರೆ ಹೊರಟ ಜಾಗಕ್ಕೇ ಬಂದು ನಿಂತೆ. ಕಾನೂನಿನ ದೃಷ್ಟಿಯಲ್ಲಿ ನಾನೇ ಸರಿ ಎಂದು ಇಂದಿಗೂ ಹೇಳುತ್ತೇನೆ.

ನಿವೃತ್ತ ಶಿರಸ್ತೇದಾರ: ಪ್ರಶ್ನೆ ಕೇಳಿದವರು ‘ಸರ್ವೆ ನಂಬರಿನ ಒಂದು ಭಾಗ’ ಎಂದಿದ್ದಾರೆ. 11ಇ ನಕ್ಷೆ ಲಗತ್ತಿಸಿದ್ದೀರಾ ಎಂದು ಒಬ್ಬರೂ ಕೇಳುವುದಿಲ್ಲವೇ? ಯಾವ ಭಾಗಕ್ಕೆ ಅನುಮತಿ ಎಂಬುದೇ ಕಾಗದದ ಮೇಲೆ ಗುರುತಾಗದಿದ್ದರೆ, ನಾಲ್ಕು ತಿಂಗಳ ನಂತರ ಪರಿವರ್ತನೆಯಾದದ್ದು ಬಾವಿಯ ಕಡೆಯದೋ ರಸ್ತೆಯ ಕಡೆಯದೋ? ನಾನು ಕೆಲಸ ಮಾಡಿದ ಕಚೇರಿಗಳಲ್ಲಿ ಇಂತಹ ಅರ್ಜಿಗಳು ಕಟ್ಟುಗಟ್ಟಲೆ ಬರುತ್ತಿದ್ದವು. ಉದ್ದೇಶಪೂರ್ವಕವಾಗಿ ಒಂದು ದಾಖಲೆ ಬಿಟ್ಟು ಅರ್ಜಿ ಕೊಟ್ಟು, ಕ್ಯಾಲೆಂಡರ್ ನೋಡುತ್ತಾ ಕೂರುವವರೂ ಇದ್ದರು. ಗಿರಣಿಯವರ ಕಡತದಲ್ಲಿ ಏನು ಕೊರತೆಯಿತ್ತೆಂದು ಅವರು ಹೇಳಿಲ್ಲ.

ಗಿರಣಿ ಮಾಲೀಕ: ನನ್ನ ಕಡತದಲ್ಲಿ ಕೊರತೆಯಿದ್ದರೆ ಅದನ್ನು ಬರೆದು ತಿಳಿಸಲು ನಿಮ್ಮಂಥವರಿಗೆ ನಾಲ್ಕು ತಿಂಗಳು ಸಾಲಲಿಲ್ಲವೇ? ಕಡತ ಮೇಜಿನಿಂದ ಮೇಜಿಗೆ ಯಾಕೆ ಸರಿಯುತ್ತಿರಲಿಲ್ಲ ಎಂಬುದನ್ನೂ ಹೇಳಿ, ಓದುವವರಿಗೆ ಪೂರ್ತಿ ಅರ್ಥವಾಗಲಿ.

ಶೀಟ್ ಮೆಟಲ್, ಪೀಣ್ಯ: ನನಗಂತೂ ಡೀಮ್ಡ್ ಅನುಮತಿ ಚೆನ್ನಾಗಿಯೇ ಕೆಲಸ ಮಾಡಿದೆ. ಕಾರ್ಖಾನೆಯ ನಕ್ಷೆಯನ್ನು 1948ರ ಕಾರ್ಖಾನೆಗಳ ಕಾಯ್ದೆಯ 6(2)ರಂತೆ ಮುಖ್ಯ ಇನ್‌ಸ್ಪೆಕ್ಟರರಿಗೆ ಕಳುಹಿಸಿದೆ. ಕೊರಿಯರ್ ಬೇಡ, ನೋಂದಾಯಿತ ಅಂಚೆಯೇ ಆಗಬೇಕು ಎಂದು ಹಟ ಹಿಡಿದೆ, ಏಕೆಂದರೆ ಕಲಮಿನಲ್ಲಿಯೇ ಹಾಗಿದೆ, ಮೂರು ತಿಂಗಳ ಎಣಿಕೆಯೂ ಕಳುಹಿಸಿದ ದಿನದಿಂದಲೇ. ಅಂಚೆ ರಸೀದಿಯನ್ನು ಲ್ಯಾಮಿನೇಟ್ ಮಾಡಿಸಿಟ್ಟಿದ್ದೇನೆ. ಮುಂದೆ ತಪಾಸಣೆಗೆ ಬಂದವರು ರಸೀದಿ ನೋಡಿ ಸುಮ್ಮನಾದರು. ನೀವೂ ಇವತ್ತೇ ಒಂದು ಪ್ರತಿಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿಬಿಡಿ.

ಹೊಸ ಬಡಾವಣೆ: ಎಲ್ಲ ಕಾಯ್ದೆಗಳ ತಿರುಳೂ ಒಂದೇ, ಮೌನಂ ಸಮ್ಮತಿ ಲಕ್ಷಣಂ. ನಗರ ಯೋಜನಾ ಕಾಯ್ದೆಯ 15(2)ರಲ್ಲಿ ಮೂರು ತಿಂಗಳು, ಇಲ್ಲಿ ನಾಲ್ಕು ತಿಂಗಳು, ಅಷ್ಟೇ ವ್ಯತ್ಯಾಸ. ನಾನು ಯೋಜನಾ ಪ್ರಾಧಿಕಾರದ ಮೌನದ ಮೇಲೆಯೇ ಮನೆ ಕಟ್ಟಿ ಗೃಹಪ್ರವೇಶ ಮಾಡಿದ್ದೇನೆ, ಯಾರೂ ಕೇಳಲಿಲ್ಲ. ಅಂಜುಬುರುಕರು ಹೀಗೆಯೇ ಕಾಗದ ಹಿಡಿದು ಅಲೆಯಬೇಕು.

ಕೋರ್ಟ್ ಹಾಲ್ ಮೂಲೆ: ಕೊನೆಯವರ ಮಾತನ್ನು ದಯವಿಟ್ಟು ನಂಬಬೇಡಿ. 15(2)ರ ಅವಧಿಯನ್ನು ಅವರು ಸರಿಯಾಗಿಯೇ ಹೇಳಿದ್ದಾರೆ, ಆದರೆ ಮೌನವು ತಾನಾಗಿ ಸಮ್ಮತಿಯಾಗುವುದಿಲ್ಲ. ಚೇತ್ ರಾಮ್ ವಶಿಷ್ಠ ಹಾಗೂ ದೆಹಲಿ ಮಹಾನಗರ ಪಾಲಿಕೆ ನಡುವಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1980ರಲ್ಲಿಯೇ ಇದನ್ನು ಹೇಳಿದೆ. ಅಲ್ಲಿ ಬಡಾವಣೆ ನಕ್ಷೆಯನ್ನು ಇಂತಿಷ್ಟು ದಿನದೊಳಗೆ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿತ್ತು, ತೀರ್ಮಾನಿಸದಿದ್ದರೆ ಮಂಜೂರಾದಂತೆ ಎಂದು ಹೇಳಿರಲಿಲ್ಲ, ಆದ್ದರಿಂದ ಮಂಜೂರಾಗಲಿಲ್ಲ. ನಮ್ಮ 95(5)ರಲ್ಲಿ ಆ ಮಾತು ಇದೆ ಎಂಬುದೇ ನಿಮ್ಮ ಬಲ.

11ಇ ವಿಷಯದಲ್ಲಿ ಶಿರಸ್ತೇದಾರರ ವಾದ ಅರ್ಧ ದೂರ ಮಾತ್ರ ನಡೆಯುತ್ತದೆ. 1974ರ ಜಲಮಾಲಿನ್ಯ ಕಾಯ್ದೆಯ 25(7)ನ್ನು ನೋಡಿ: ಅಲ್ಲಿಯೂ ನಾಲ್ಕು ತಿಂಗಳೇ, ಆದರೆ ‘ಎಲ್ಲ ರೀತಿಯಲ್ಲೂ ಪೂರ್ಣವಾದ’ ಅರ್ಜಿಯಿಂದ ಎಣಿಕೆ. 95(5)ರಲ್ಲಿ ಅರ್ಜಿ ಸ್ವೀಕರಿಸಿದ ದಿನಾಂಕ ಎಂದಷ್ಟೇ ಇದೆ. ಈ ವ್ಯತ್ಯಾಸವನ್ನು ಎತ್ತಿ ವಾದಿಸಬಹುದು. ನ್ಯಾಯಾಧೀಶರು ಒಪ್ಪುತ್ತಾರೆಂದು ಭರವಸೆ ಕೊಡಲಾರೆ. ಅವಧಿಯೊಳಗೆ ಕಚೇರಿಯಿಂದ ಯಾವುದಾದರೂ ಹಿಂಬರಹ ಬಂದಿದೆಯೇ?

ಮೆಕ್ಕೆಜೋಳದವರು: ಬಂದಿದೆ ಸರ್. 11ಇ ನಕ್ಷೆ ಸಲ್ಲಿಸಿ ಎಂಬ ಒಂದೇ ಸಾಲು. ಹಿಂಬರಹದ ಮೇಲಿನ ದಿನಾಂಕ ಜೂನ್ 7, ಆದರೆ ಲಕೋಟೆಯ ಮೇಲಿನ ಅಂಚೆ ಮುದ್ರೆ ಜೂನ್ 16.

ನಿವೃತ್ತ ಶಿರಸ್ತೇದಾರ: ಹಾಗಾದರೆ ಅವಧಿಯೊಳಗೆ ಕ್ರಮವಾಗಿದೆ. ಟಪಾಲು ಶಾಖೆಯಲ್ಲಿ ಒಂದು ವಾರ ತಡವಾಗುವುದು ಎಲ್ಲ ಕಚೇರಿಗಳಲ್ಲೂ ಉಂಟು.

ಕೋರ್ಟ್ ಹಾಲ್ ಮೂಲೆ: ಅವಧಿಯೊಳಗೆ ಕಡತದಲ್ಲಿ ಬರೆದರೆ ಸಾಲದು, ಅರ್ಜಿದಾರನಿಗೆ ತೀರ್ಮಾನವನ್ನು ತಿಳಿಸಬೇಕು ಎಂಬುದು ಕಲಮಿನ ಮಾತು. ಜೂನ್ 10ಕ್ಕೆ ನಾಲ್ಕು ತಿಂಗಳು ತುಂಬಿತು, 16ರವರೆಗೆ ಕಾಗದ ಅಂಚೆಗೇ ಬಿದ್ದಿರಲಿಲ್ಲ. ಸಾಲದೆಂಬಂತೆ, ದಾಖಲೆ ಕೇಳುವ ಹಿಂಬರಹವು ಕೊಟ್ಟೆ ಅಥವಾ ಇಲ್ಲ ಎಂಬ ತೀರ್ಮಾನವೂ ಅಲ್ಲ. ಆ ಲಕೋಟೆಯನ್ನು ಹಿಂಬರಹಕ್ಕಿಂತ ಜೋಪಾನವಾಗಿಡಿ.

ಹಾಗೆಂದು ನಾಳೆಯೇ ಜೆಸಿಬಿ ಕರೆಸಬೇಡಿ. 95(7)ರ ಪರಿವರ್ತನಾ ಶುಲ್ಕವು ಮೌನದಿಂದ ಮನ್ನಾ ಆಗುವುದಿಲ್ಲ. ನಿಮ್ಮ ಹಕ್ಕನ್ನು ಬಿಟ್ಟುಕೊಡದೆ ಎಂದು ಮೊದಲ ಸಾಲಿನಲ್ಲೇ ಬರೆದು, 11ಇ ನಕ್ಷೆಯನ್ನು ಲಗತ್ತಿಸಿ, ಶುಲ್ಕ ಲೆಕ್ಕಹಾಕಿ ಚಲನ್ ಕೊಡಿ, ಪಹಣಿಯಲ್ಲಿ ನಮೂದಿಸಿ ಎಂದು ಜಿಲ್ಲಾಧಿಕಾರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶುಲ್ಕ ಕಟ್ಟಲು ಸಿದ್ಧನಿದ್ದೆ ಎಂದು ತೋರಿಸುವ ಕಾಗದವಿದ್ದರೆ ರಿಟ್ ಅರ್ಜಿಗೆ ಕಾಲು ಬರುತ್ತದೆ. ಗಿರಣಿಯವರೇ, ನಿಮ್ಮ ಮೊಕದ್ದಮೆಯಲ್ಲಿ ಶುಲ್ಕದ ಮನವಿ ಇತ್ತೇ?

ಇನ್ನೊಂದು ಮಾತು. ಆ ಜಾಗ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಅವರ ಅನುಮತಿ ಬೇರೆಯೇ ಬೇಕು. ಒಂದು ಕಚೇರಿ ಸುಮ್ಮನಿದ್ದದ್ದು ಇನ್ನೊಂದರ ಒಪ್ಪಿಗೆಯಾಗದು.

ಗಿರಣಿ ಮಾಲೀಕ: ಚಲನ್ ಕೇಳಿದರೆ ಆದೇಶವಾಗದೆ ಚಲನ್ ಇಲ್ಲ ಎನ್ನುತ್ತಿದ್ದರು, ಅದೂ ಬಾಯಿಮಾತಿನಲ್ಲಿ. ಬರೆದುಕೊಡಿ ಎಂದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಅದನ್ನು ನ್ಯಾಯಾಲಯಕ್ಕೆ ಹೇಗೆ ತೋರಿಸಲಿ?

ನಿವೃತ್ತ ಶಿರಸ್ತೇದಾರ: ಶುಲ್ಕ ನಿಗದಿಪಡಿಸಿ ಆದೇಶ ಹೊರಡಿಸುವವರೆಗೆ ವಿಷಯ ನಿರ್ವಾಹಕನು ಯಾವ ಲೆಕ್ಕಶೀರ್ಷಿಕೆಗೆ, ಎಷ್ಟು ಮೊತ್ತಕ್ಕೆ ಚಲನ್ ಬರೆಯಬೇಕು? ಅಧಿಕಾರವಿಲ್ಲದ ಗುಮಾಸ್ತನನ್ನು ಬೈದು ಪ್ರಯೋಜನವಿಲ್ಲ.

ಶೀಟ್ ಮೆಟಲ್, ಪೀಣ್ಯ: ಅದಕ್ಕೇ ಹೇಳಿದ್ದು, ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ಎಂದು.

ಕೋರ್ಟ್ ಹಾಲ್ ಮೂಲೆ: ನಿಮ್ಮ ಕಾಯ್ದೆಯಲ್ಲಿ ಎಣಿಕೆ ಕಳುಹಿಸಿದ ದಿನದಿಂದ, ಇವರದರಲ್ಲಿ ತಲುಪಿದ ದಿನದಿಂದ. ಮುದ್ರೆ ಬಿದ್ದ ಅರ್ಜಿ ಕೈಯಲ್ಲಿರುವಾಗ ಈಗ ಹೊಸದಾಗಿ ಇನ್ನೊಂದು ಪ್ರತಿ ಕಳುಹಿಸಿದರೆ, ಕಚೇರಿಯವರು ಅದನ್ನೇ ಹೊಸ ಅರ್ಜಿಯೆಂದು ಹಿಡಿದು ಎಣಿಕೆಯನ್ನು ಮೊದಲಿನಿಂದ ಆರಂಭಿಸುತ್ತಾರೆ. ಆ ತಂಟೆ ಬೇಡ. ಚಲನ್ ಕೋರುವ ಮನವಿಯನ್ನು ಮಾತ್ರ ಅಂಚೆಯಲ್ಲಿಯೂ ಕಳುಹಿಸಿ, ಹಳೆಯ ಸ್ವೀಕೃತಿ ಸಂಖ್ಯೆಯನ್ನು ಅದರ ಮೇಲೆ ತಪ್ಪದೆ ಬರೆಯಿರಿ.

ಹೊಸ ಬಡಾವಣೆ: ಇಷ್ಟೆಲ್ಲ ಬರೆಯುವಷ್ಟರಲ್ಲಿ ನಾನಾಗಿದ್ದರೆ ಛಾವಣಿ ಹಾಕಿಸಿರುತ್ತಿದ್ದೆ.

ಗಿರಣಿ ಮಾಲೀಕ: ಹಾಕಿಸಿ. ಮಾರುವ ದಿನ ಬ್ಯಾಂಕಿನ ವಕೀಲರು ನಿಮ್ಮ ಪಹಣಿ ನೋಡಿದ ಮೇಲೆ ಇಲ್ಲಿಗೇ ಬಂದು ಬರೆಯಿರಿ.