ಪದಚರ್ಚೆ: ‘ಎಕೋ ಬರ್ತಿದೆ, ಸ್ಪೀಡ್ ಜಾಸ್ತಿ’ ಎಂಬುದನ್ನು ತಿದ್ದಿಕೊಳ್ಳಲು ಆಗುವ ಹಾಗೆ ಹೇಳುವುದು ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ವ್ಯಾಕರಣದ ಪಾಠಗಳನ್ನು ವಿಡಿಯೊ ಮಾಡಿ ಹಾಕುವವರೊಬ್ಬರಿಗೆ ಅಭಿಪ್ರಾಯ ಬರೆದು ಕಳಿಸಬೇಕಿದೆ. ಆದೇಶ ಸಂಧಿಯ ಮೇಲೆ 14 ನಿಮಿಷದ ಪಾಠ. ತಿಳಿವಳಿಕೆ ಗಟ್ಟಿಯಾಗಿದೆ, ಉದಾಹರಣೆಗಳನ್ನು ಜೋಡಿಸಿದ ರೀತಿಯೂ ಚೆನ್ನಾಗಿದೆ. ಆದರೆ ಕೇಳುವಾಗ ಎರಡು ತೊಡಕು. ಒಂದು, ಮಾತು ಖಾಲಿ ಕೋಣೆಯಿಂದ ಬಂದ ಹಾಗಿದೆ. 3:20ರಲ್ಲಿ ‘ಮಳೆ, ಕಾಲ’ ಎಂದು ಬಿಡಿಸಿ ಹೇಳುತ್ತಾರೆ, ನನಗೆ ‘ಮಳೆ, ಗಾಲ’ ಎಂದೇ ಕೇಳಿಸಿತು. ಎರಡು, 6:05ರಿಂದ ಮುಂದಕ್ಕೆ ಪಾಠ ಓಡುತ್ತದೆ, ಹಿಂದಕ್ಕೆ ಎಳೆದು ಮತ್ತೆ ಕೇಳಬೇಕಾಯಿತು.

ನನ್ನ ಕರಡು ಹೀಗಿತ್ತು: ‘ಧ್ವನಿಯ ಗುಣಮಟ್ಟ ಸುಧಾರಿಸಬೇಕು, ಪ್ರತಿಧ್ವನಿ ಇದೆ, ವೇಗ ಕಡಿಮೆ ಮಾಡಿ.’ ಓದಿ ನೋಡಿದರೆ ಅವರು ಇದರಿಂದ ಏನು ಮಾಡಬೇಕೋ ತಿಳಿಯುವುದಿಲ್ಲ ಅನ್ನಿಸಿತು. ಇಲ್ಲಿ ‘ಪ್ರತಿಧ್ವನಿ’ ಸರಿಯಾದ ಪದವೇ? ‘ವೇಗ’ಕ್ಕೆ ಗತಿ, ಓಟ, ಲಯ ಇವುಗಳಲ್ಲಿ ಯಾವುದು ಹೊಂದುತ್ತದೆ?

*

> ಇಲ್ಲಿ ‘ಪ್ರತಿಧ್ವನಿ’ ಸರಿಯಾದ ಪದವೇ?

ಸರಿಯಾಗಿಯೇ ಇದೆ. ಎಕೋ ಎಂದರೆ ಪ್ರತಿಧ್ವನಿ, ಬೇಕಾದರೆ ಮಾರ್ದನಿ ಅನ್ನಿ. ಅದು ಗೋಡೆಗೆ ಬಡಿದು ವಾಪಸ್ ಬರುವ ಶಬ್ದ. ಎಡಿಟಿಂಗ್ ತಂತ್ರಾಂಶದಲ್ಲಿ ನಾಯ್ಸ್ ರಿಡಕ್ಷನ್ ಹಾಕಿದರೆ ಹೋಗುತ್ತದೆ, ಅಷ್ಟು ತಿಳಿಸಿ. ವೇಗದ ವಿಷಯ ಬರೆಯುವ ಅಗತ್ಯ ಕಾಣುವುದಿಲ್ಲ, ನೋಡುವವರು 0.75ಕ್ಕೆ ಇಟ್ಟುಕೊಂಡು ಕೇಳಬಹುದು.

*

ಗೋಡೆಗೆ ಬಡಿದು ಬರುವುದು ನಿಜ ಸರ್. ಆದರೆ ‘ಪ್ರತಿಧ್ವನಿ’ ಎಂದರೆ ಮಾತು ಮುಗಿದ ಮೇಲೆ ಅದೇ ಮಾತು ಎರಡನೆಯ ಸಲ ಬೇರೆಯಾಗಿ ಕೇಳುವುದು. ಬೆಟ್ಟದ ಎದುರು ಕೂಗಿದಾಗ ಆಗುವುದು ಅದು. ಗೋಡೆ 17 ಮೀಟರ್ ದೂರವಿದ್ದರೆ ಶಬ್ದ ಹೋಗಿ ಬರಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಆಗ ಕಿವಿ ಎರಡನ್ನೂ ಬಿಡಿಸಿಕೊಳ್ಳುತ್ತದೆ. ಮನೆಯ ಕೋಣೆಯಲ್ಲಿ ಗೋಡೆ 3 ಮೀಟರ್ ದೂರ ಇದ್ದೀತು. ಅಲ್ಲಿಂದ ತಿರುಗಿ ಬರುವ ಶಬ್ದ ಮೂಲ ಮಾತಿಗೇ ಅಂಟಿಕೊಂಡು, ನಾಲ್ಕು ಗೋಡೆ, ನೆಲ, ಸೂರಿನ ನಡುವೆ ಓಡಾಡಿ, ಬಾಲದ ಹಾಗೆ ಎಳೆದುಕೊಂಡು ಆರುತ್ತದೆ. ಪಠ್ಯಪುಸ್ತಕದಲ್ಲಿ ಇದು ‘ಅನುರಣನ’. ಆಡುಮಾತಿನಲ್ಲಿ ‘ಗುಂಯ್ ಅನ್ನುತ್ತಿದೆ’, ‘ಡಬ್ಬದೊಳಗಿಂದ ಮಾತಾಡಿದ ಹಾಗಿದೆ’ ಅನ್ನುತ್ತೇವೆ.

ಪದ ತಪ್ಪಿದರೆ ಮದ್ದೂ ತಪ್ಪುತ್ತದೆ. ನಾಯ್ಸ್ ರಿಡಕ್ಷನ್ ತೆಗೆಯುವುದು ಫ್ಯಾನಿನ ಸದ್ದಿನಂತೆ ಒಂದೇ ಸಮ ಇರುವ ಶಬ್ದವನ್ನು. ಕೋಣೆಯ ಗುಂಗು ಅವರ ಮಾತಿನಿಂದಲೇ ಹುಟ್ಟಿದ್ದು, ಮಾತಿನ ಜೊತೆಯೇ ಏರಿಳಿಯುತ್ತದೆ. ಅದರ ಮೇಲೆ ನಾಯ್ಸ್ ರಿಡಕ್ಷನ್ ಜೋರಾಗಿ ಹಾಕಿದರೆ ಗುಂಗು ಉಳಿದು, ಮಾತು ನೀರೊಳಗಿಂದ ಬಂದ ಹಾಗೆ ಆಗುತ್ತದೆ.

ನಿಮಗೆ ‘ಕಾಲ’ ‘ಗಾಲ’ವಾಗಿ ಕೇಳಿದ್ದಕ್ಕೂ ಇದೇ ಕಾರಣವಿರಬಹುದು. ‘ಕ’ ಹೇಳುವಾಗ ನಾಲಗೆ ಉಸಿರನ್ನು ತಡೆದ ಆ ಚಿಟಿಕೆಯಷ್ಟು ಹೊತ್ತು ಪೂರ್ತಿ ಮೌನ. ‘ಗ’ದಲ್ಲಿ ಆ ಹೊತ್ತಿನಲ್ಲೂ ಕಂಠ ಮಿಡಿಯುತ್ತಿರುತ್ತದೆ. ಗುಂಗು ಹೆಚ್ಚಿರುವ ಕೋಣೆಯಲ್ಲಿ ‘ಮಳೆ’ಯ ಎಕಾರದ ಬಾಲ ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಕ, ತ, ಪ ಗಳು ಗ, ದ, ಬ ಆಗುವುದನ್ನು ಕಲಿಸುವ ಪಾಠದಲ್ಲಿ ಸಂಧಿಯಾಗುವ ಮೊದಲೇ ಆದೇಶ ಆಗಿಹೋದಂತೆ ಕೇಳಿದರೆ ಪಾಠವೇ ಕೆಟ್ಟಿತು. ಇದನ್ನು ಅವರಿಗೆ ಖಂಡಿತ ಬರೆಯಿರಿ, ಯಾಕೆ ತಿದ್ದಬೇಕು ಎನ್ನುವುದು ಒಂದೇ ಏಟಿಗೆ ತಿಳಿಯುತ್ತದೆ.

ಮದ್ದು ಸುಲಭ. ಮೈಕು ಬಾಯಿಂದ 60 ಸೆಂಟಿಮೀಟರ್ ದೂರವಿದ್ದರೆ ಒಂದು ಗೇಣಿಗೆ ತರಬೇಕು. ಕೋಣೆಯ ಗುಂಗು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ನೇರ ಮಾತು ಮಾತ್ರ ಹತ್ತಿರ ಬಂದಷ್ಟೂ ಏರುತ್ತದೆ. ದೂರ ಮೂರನೇ ಒಂದಕ್ಕೆ ಇಳಿದರೆ ನೇರ ಮಾತು ಸುಮಾರು 9 ಡೆಸಿಬೆಲ್ ಮೇಲೇಳುತ್ತದೆ. ಆಗ ಗೇನ್ ಇಳಿಸಬೇಕು, ಅದರ ಜೊತೆ ಗುಂಗೂ ಹಿಂದೆ ಸರಿಯುತ್ತದೆ. ಅದಾದ ಮೇಲೂ ಉಳಿದರೆ ಮೈಕಿನ ಎದುರಿನ ಗೋಡೆಗೆ, ಅಂದರೆ ಮಾತಾಡುವವರ ಬೆನ್ನಹಿಂದೆ, ದಪ್ಪ ಕಂಬಳಿ ಕಟ್ಟಬಹುದು.

*

ಬಳಗದವರು ಕ್ಷಮಿಸಬೇಕು, ನನ್ನದೂ ಇದೇ ತೊಂದರೆ ಇರಬೇಕು. ನಾನು ಕಥೆ ಓದಿ ಆಡಿಯೊ ಹಾಕುತ್ತೇನೆ. ಕೇಳುಗರೊಬ್ಬರು ‘ಧ್ವನಿ ಒಡೀತಿದೆ’ ಎಂದು ಬರೆದರು. ಅಂದಿನಿಂದ ಬಿಸಿನೀರು, ಜೇನುತುಪ್ಪ ನಡೆದಿದೆ, ಓದುವ ಮುಂಚೆ ಅರ್ಧ ಗಂಟೆ ಮಾತಾಡುವುದೂ ಇಲ್ಲ. ಆದರೂ ಒಡೆಯುತ್ತಿದೆಯಂತೆ. ಕಂಬಳಿ ಕಟ್ಟಿದರೆ ಗಂಟಲಿಗೆ ಒಳ್ಳೆಯದಾದೀತೇ?

*

ನಿಮ್ಮ ಗಂಟಲಿಗೆ ಏನೂ ಆಗಿಲ್ಲ ಮೇಡಂ, ನಿಮ್ಮನ್ನು ದಾರಿ ತಪ್ಪಿಸಿದ್ದು ಆ ಪದ. ಹದಿಹರೆಯದ ಹುಡುಗರ ದನಿ ಬದಲಾಗುವುದಕ್ಕೂ, ಅಳು ಬಂದು ಮಾತು ಕಟ್ಟುವುದಕ್ಕೂ, ರೆಕಾರ್ಡಿಂಗ್ ಮಟ್ಟ ಮೀರುವುದಕ್ಕೂ ನಾವು ‘ಒಡೆಯುವುದು’ ಎಂದೇ ಅನ್ನುತ್ತೇವೆ. ನಿಮ್ಮ ಕೇಳುಗರು ಹೇಳಿದ್ದು ಮೂರನೆಯದನ್ನು ಇರಬೇಕು. ಮೀಟರಿನಲ್ಲಿ ಸೊನ್ನೆ ಮುಟ್ಟಿದರೆ ಶಬ್ದದ ಅಲೆಯ ತಲೆ ಕತ್ತರಿಸಿಹೋಗಿ ಕರಕರ ಅನ್ನುತ್ತದೆ. ಪಾತ್ರ ಕೂಗುವ ಮಾತನ್ನು ನಿಜವಾಗಿ ಕೂಗಿ ನೋಡಿ, ಅದು ಮೈನಸ್ 6 ದಾಟದ ಹಾಗೆ ಗೇನ್ ಇಟ್ಟು ಆಮೇಲೆ ಓದಲು ಶುರುಮಾಡಿ. ಒಮ್ಮೆ ಕತ್ತರಿಸಿಹೋದದ್ದನ್ನು ಆಮೇಲೆ ವಾಲ್ಯೂಮ್ ಇಳಿಸಿ ಸರಿಪಡಿಸಲು ಆಗುವುದಿಲ್ಲ.

ಇದನ್ನೇ ಹಿಡಿದು ಒಂದು ಮಾತು. ದೋಷ ಹೇಳುವಾಗ ಅನುಕರಣಾವ್ಯಯದಷ್ಟು ಕರಾರುವಾಕ್ಕಾದ ಪದ ಬೇರೆ ಸಿಗುವುದಿಲ್ಲ. ಮಟ್ಟ ಮೀರಿದರೆ ‘ಕರಕರ’, ಗೇನ್ ಅತಿಯಾಗಿ ಏರಿಸಿದರೆ ‘ಸುಂಯ್’, ಭ, ಫ ಹೇಳುವಾಗ ಉಸಿರು ಮೈಕಿಗೆ ಬಡಿದರೆ ‘ಡಬ್’. ಮೈಕನ್ನು ಗೇಣಿನಷ್ಟು ಹತ್ತಿರ ತಂದಾಗ ಈ ಡಬ್ ಶುರುವಾಗುತ್ತದೆ, ಆದ್ದರಿಂದ ಅದನ್ನು ಬಾಯಿಯ ನೇರಕ್ಕಿಡದೆ ಕೊಂಚ ಓರೆಯಾಗಿಡುವುದು ಮೇಲು. ಕನ್ನಡದ ‘ಪ’ದಲ್ಲಿ ಉಸಿರು ಕಡಿಮೆ, ಮಹಾಪ್ರಾಣಗಳಲ್ಲೇ ಹೆಚ್ಚು. ಹಾಗಾಗಿ ಪರೀಕ್ಷೆಗೆ ‘ಭಾಷೆ’, ‘ಫಲ’ ಹೇಳಿಕೊಂಡರೆ ಸಾಕು.

*

> ಆಡುಮಾತಿನಲ್ಲಿ ‘ಗುಂಯ್ ಅನ್ನುತ್ತಿದೆ’

ಇದಕ್ಕೆ ನನ್ನ ತಕರಾರಿದೆ. ವಿದ್ಯುತ್ತಿನ ತಂತಿಯಿಂದ ಬರುವ ಹಮ್ ಸದ್ದಿಗೂ ‘ಗುಂಯ್’ ಎಂದೇ ಅನ್ನುತ್ತೇವಲ್ಲ? ನಮ್ಮಲ್ಲಿ ಅದು 50 ಹರ್ಟ್ಸಿನದು. ಅದಕ್ಕೆ ಕೇಬಲ್ ಬದಲಿಸಬೇಕು, ಇಲ್ಲವೇ ಚಾರ್ಜರ್ ಕಿತ್ತು ನೋಡಬೇಕು, ಕಂಬಳಿಯಿಂದ ಏನೂ ಆಗದು.

*

ತಕರಾರು ಸರಿ. ಹಾಗಾಗಿ ‘ಗುಂಯ್’ ಎಂದಷ್ಟೇ ಬರೆಯದೆ, ಮಾತು ನಿಂತ ಮೇಲೆ ಏನು ಕೇಳುತ್ತದೆ ಎಂದು ಸೇರಿಸಬೇಕು. ಅವರು ಸುಮ್ಮನಿದ್ದಾಗಲೂ ಒಂದೇ ಸಮ ಇದ್ದರೆ ತಂತಿಯದು. ಮಾತಿನ ಕೊನೆಗೆ ಎಳೆದು ಆರಿದರೆ ಕೋಣೆಯದು.

*

ನಾನು ವಿಡಿಯೊಗಳಿಗೆ ಕತ್ತರಿ ಹಾಕುವ ಕೆಲಸದವಳು. ಎರಡನೆಯ ಪ್ರಶ್ನೆಗೆ ಬರುತ್ತೇನೆ. ಆ ಪಾಠದ ಕೊಂಡಿ ನೀವು ಬೇರೆಯಾಗಿ ಕಳಿಸಿದ್ದಿರಿ, 6:05ರ ಭಾಗವನ್ನು ಮೂರು ಸಲ ಕೇಳಿದೆ. ಅಲ್ಲಿ ಅವರು ಹೇಳುವ ವಾಕ್ಯ: ‘ಉತ್ತರಪದದ ಮೊದಲಲ್ಲಿರುವ ಕ, ತ, ಪ ಗಳಿಗೆ ಗ, ದ, ಬ ಗಳು ಆದೇಶವಾಗಿ ಬರುತ್ತವೆ.’ ಒಟ್ಟು 32 ಅಕ್ಷರ, ಹೇಳಿದ್ದು 5 ಸೆಕೆಂಡಿನಲ್ಲಿ. ಸೆಕೆಂಡಿಗೆ ಆರು ಚಿಲ್ಲರೆ ಅಕ್ಷರ ಎಂದರೆ ಸಹಜವಾದ ಮಾತು, ಅವಸರ ಏನಿಲ್ಲ. ಇಂಗ್ಲಿಷಿನವರ ಹಾಗೆ ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸಿದರೆ 120 ಬರುತ್ತದೆ, ಅವರ ಲೆಕ್ಕಕ್ಕೆ ಅದು ನಿಧಾನವೇ. ವಿಭಕ್ತಿ ಅಂಟಿಕೊಂಡು ಉದ್ದವಾಗುವ ನಮ್ಮ ಪದಗಳಿಗೆ ಆ ಅಳತೆ ಹೊಂದುವುದಿಲ್ಲ, ಅಕ್ಷರ ಎಣಿಸಬೇಕು.

ಹಾಗಾದರೆ ಓಡಿದ ಹಾಗೆ ಅನ್ನಿಸುವುದೇಕೆ? ‘ಬರುತ್ತವೆ’ ಆದ ತಕ್ಷಣ ಮುಂದಿನ ಉದಾಹರಣೆ ‘ಬೆಟ್ಟದಾವರೆ’ ಶುರುವಾಗುತ್ತದೆ, ನಡುವೆ ಉಸಿರೆಳೆದ ಸದ್ದು ಅರ್ಧಕ್ಕೆ ತುಂಡಾಗಿದೆ. ಅವರು ನಿಲ್ಲಿಸಿಯೇ ಮಾತಾಡಿದ್ದಾರೆ, ಆ ನಿಲುಗಡೆಯನ್ನು ಆಮೇಲೆ ಕತ್ತರಿಸಲಾಗಿದೆ. ಮೌನ ಕಂಡಲ್ಲೆಲ್ಲ ತಾನಾಗಿ ತೆಗೆದುಹಾಕುವ ಸೌಲಭ್ಯ ಬಳಸಿದರೆ ಹೀಗಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕೇಳುವವರು ಆರು ಅಕ್ಷರಗಳನ್ನು ಕೈಯಲ್ಲಿ ಹಿಡಿದು ‘ಬರುತ್ತವೆ’ಯ ತನಕ ಕಾಯುತ್ತಾರೆ. ಯಾವುದು ಯಾವುದಾಯಿತು ಎಂದು ಜೋಡಿಸಿಕೊಳ್ಳುವುದು ಅದರ ನಂತರದ ಮೌನದಲ್ಲಿ. ಕತ್ತರಿ ಬಿದ್ದಿರುವುದು ಸರಿಯಾಗಿ ಅಲ್ಲಿಗೇ.

ನೀವು ‘ವೇಗ ಕಡಿಮೆ ಮಾಡಿ’ ಎಂದರೆ ಅವರು ಮುಂದಿನ ಪಾಠದಲ್ಲಿ ಒಂದೊಂದೇ ಪದ ಎಳೆದು ಹೇಳುತ್ತಾರೆ, ನಿಲುಗಡೆ ಮಾತ್ರ ಮತ್ತೆ ಮಾಯವಾಗಿರುತ್ತದೆ. 0.75ಕ್ಕೆ ಇಟ್ಟು ಕೇಳಿದರೂ ಅಷ್ಟೇ, ಇಲ್ಲದ ಮೌನ ಹಿಗ್ಗುವುದಿಲ್ಲ. ಸಾಮಾನ್ಯ ವಾಕ್ಯದ ನಂತರ ಅರ್ಧ ಸೆಕೆಂಡು, ನಿಯಮ ಹೇಳಿದ ನಂತರ ಒಂದು ಸೆಕೆಂಡು ಉಳಿಸಿ ಎಂದು ಬರೆಯಿರಿ. ತೆಗೆದುಹಾಕಿದ ಮೌನವನ್ನು ಮರಳಿ ತುಂಬುವುದಾದರೆ ಪೂರ್ತಿ ಸದ್ದಿಲ್ಲದ ತುಣುಕು ಹಾಕಬಾರದು, ಆಡಿಯೊ ಕೆಟ್ಟುನಿಂತ ಹಾಗೆ ಕೇಳುತ್ತದೆ. ಅದೇ ಕೋಣೆಯ ಖಾಲಿ ಸದ್ದನ್ನು ಹತ್ತು ಸೆಕೆಂಡು ಹಿಡಿದಿಟ್ಟುಕೊಂಡು ಅದನ್ನು ಬಳಸಬೇಕು. ಗುಂಗು ಇರುವ ರೆಕಾರ್ಡಿಂಗಿನಲ್ಲಂತೂ ಬಾಲವನ್ನೂ ಸೇರಿಸಿ ಕತ್ತರಿಸಿದಾಗ ಪ್ರತಿ ವಾಕ್ಯದ ಕೊನೆ ಬಾಗಿಲು ಬಡಿದ ಹಾಗೆ ಮುಚ್ಚಿಕೊಳ್ಳುತ್ತದೆ, 6:05ರಲ್ಲಿ ಅದೂ ಇದೆ.

ಆದ್ದರಿಂದ ನಿಮಗೆ ಬೇಕಾದ ಪದ ‘ನಿಲುಗಡೆ’. ‘ವೇಗ’ವೂ ಬೇಡ, ‘ಗತಿ’ಯೂ ಬೇಡ.

*

ಸಂಗೀತ ಬಲ್ಲವರಿಗೆ ‘ಗತಿ’ ಇನ್ನೂ ಗೊಂದಲ. ಅಲ್ಲಿ ಗತಿ ಅಥವಾ ನಡೆ ಎಂದರೆ ತಿಸ್ರ, ಖಂಡ ಇತ್ಯಾದಿ, ವೇಗಕ್ಕೆ ‘ಕಾಲ’ ಎನ್ನುವುದು ರೂಢಿ. ನಿಲುಗಡೆಗೆ ಛಂದಸ್ಸಿನ ‘ಯತಿ’ ಇದೆಯಲ್ಲ, ವ್ಯಾಕರಣ ಕಲಿಸುವವರಿಗೆ ತಕ್ಷಣ ಹೊಳೆಯುತ್ತದೆ.

*

ಎಲ್ಲರಿಗೂ ಧನ್ಯವಾದ. ತಿದ್ದಿದ ಕರಡು ಇದು:

‘ನಮಸ್ಕಾರ ಸರ್. ಮಳೆಗಾಲ, ಬೆಟ್ಟದಾವರೆ, ಕಂಬನಿ ಹೀಗೆ ಕ, ತ, ಪ ಮೂರಕ್ಕೂ ಒಂದೊಂದು ಉದಾಹರಣೆ ಇಟ್ಟಿದ್ದರಿಂದ ನಿಯಮ ಕಣ್ಣಿಗೆ ಕಟ್ಟಿತು. ಕೇಳುವಾಗ ಎರಡು ಕಡೆ ತಡೆಯಿತು. 3:20ರಲ್ಲಿ “ಮಳೆ, ಕಾಲ” ಎಂದದ್ದು “ಗಾಲ” ಎಂಬಂತೆ ಕೇಳಿತು. ಮಾತಿನ ಕೊನೆಗೆ ಕೋಣೆಯ ಗುಂಗು ಎಳೆದುಕೊಳ್ಳುತ್ತಿದೆ. ಮೈಕನ್ನು ಒಂದು ಗೇಣು ದೂರಕ್ಕೆ ತಂದು, ಕೊಂಚ ಓರೆಯಾಗಿಟ್ಟು, ಗೇನ್ ಇಳಿಸಿ ಅದೇ ಎರಡು ಪದ ಹೇಳಿ ನೋಡುವಿರಾ? 6:05ರಲ್ಲಿ ನೀವು ಮಾತಾಡಿದ ವೇಗ ಸರಿಯಾಗಿದೆ, “ಬರುತ್ತವೆ”ಯ ನಂತರದ ನಿಲುಗಡೆ ಎಡಿಟಿಂಗಿನಲ್ಲಿ ಹೋಗಿದೆ. ನಿಯಮ ಹೇಳಿದ ಮೇಲೆ ಒಂದು ಸೆಕೆಂಡು ಉಳಿಸಿದರೆ ನಾವು ಹಿಂದಕ್ಕೆ ಎಳೆದು ಕೇಳಬೇಕಾಗುವುದಿಲ್ಲ.’

‘ಯತಿ’ ಬಳಸಲಿಲ್ಲ. ಪದ್ಯದಲ್ಲಿ ಅದು ಪಾದದ ನಡುವೆ ಬರುವ ನಿಲುಗಡೆ, ಅದನ್ನು ಮೀರುವುದಕ್ಕೂ ಕನ್ನಡ ಕವಿಗಳಲ್ಲಿ ಒಪ್ಪಿಗೆ ಇದೆ. ಇಲ್ಲಿ ಮೀರಬಾರದು ಎಂದು ಹೇಳುವುದೇ ನನ್ನ ಉದ್ದೇಶ.

*

ವಾಕ್ಯದ ಕೊನೆಯ ನಿಲುಗಡೆಗೂ ‘ಯತಿ’ ಎನ್ನಬಹುದೆಂದೇ ನನ್ನ ಅಭಿಪ್ರಾಯ, ಅದನ್ನು ಬೇರೆ ಎಳೆಯಲ್ಲಿ ಬರೆಯುತ್ತೇನೆ. ಕರಡಿನಲ್ಲಿ ‘ಗುಂಗು’ ಪದ ಮಾತ್ರ ಇನ್ನೊಮ್ಮೆ ನೋಡಿ. ಯಾವುದೋ ಯೋಚನೆಯ ಗುಂಗಿನಲ್ಲಿರುವುದು ಎಂಬ ಅರ್ಥವೇ ಮೊದಲು ಬರುತ್ತದೆ. ‘ಕೋಣೆಯ’ ಎಂದು ಮುಂದೆ ಸೇರಿಸಿದ್ದು ಸಾಕಾಗುತ್ತದೆಯೇ?